ಕೆಲಸ ಮುಗಿದ ಮೇಲೆ ಮೂವತ್ತು ದಿನ

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಾಗಲಿ, ನೆಲಮಂಗಲದಾಚೆ ದಾಬಸ್‌ಪೇಟೆಯಲ್ಲಾಗಲಿ, ಹೊಸಕೋಟೆಯ ಕಾರ್ಖಾನೆಗಳಲ್ಲಾಗಲಿ ಗುತ್ತಿಗೆ ಕೆಲಸ ಮಾಡುವವರು ಈ ಮಾತನ್ನು ಕೇಳಿಯೇ ಇರುತ್ತಾರೆ: "ಬಿಲ್ ಈಗ ಬೇಡ ಅಣ್ಣ, ಪಿಓ ಇನ್ನೂ ಆಗಿಲ್ಲ. ಆದ ಮೇಲೆ ಫೋನ್ ಮಾಡ್ತೀನಿ, ಆವತ್ತಿನ ಡೇಟ್ ಹಾಕಿ ತಗೊಂಡು ಬನ್ನಿ." ಹೇಳುವವರು ಅಕೌಂಟ್ಸ್ ವಿಭಾಗದ ಹುಡುಗರು. ಅವರಿಗೂ ಮೇಲಿನವರ ಸಹಿ ಬೇಕು, ಆ ತಿಂಗಳ ಖರ್ಚಿನ ಮಿತಿ ಮೀರಬಾರದು, ಹೀಗೆ ಏನಾದರೊಂದು ಕಾರಣ ಇರುತ್ತದೆ. ಗುತ್ತಿಗೆದಾರರು ಮುಂದಿನ ಕೆಲಸವೂ ಅಲ್ಲಿಂದಲೇ ಬರಬೇಕಲ್ಲ ಎಂದುಕೊಂಡು "ಆಯ್ತು ಸಾರ್" ಎನ್ನುತ್ತಾರೆ. ಈ "ಆಯ್ತು" ಎಂಬ ಮಾತಿಗೆ ಜಿಎಸ್‌ಟಿ ಕಾಯ್ದೆಯಲ್ಲಿ ಒಂದು ಬೆಲೆ ಇದೆ. ಅದನ್ನು ತೆರುವವರು ಬಿಲ್ ತಡಮಾಡಿಸಿದವರಲ್ಲ, ತಡವಾಗಿ ಕೊಟ್ಟವರು. ಇವತ್ತು ನಾನು ಮಾತಾಡಲು ಹೊರಟಿರುವುದು ಆ ಬೆಲೆಯ ಲೆಕ್ಕದ ಬಗ್ಗೆ.

ಮೊದಲು ನಿಯಮ. ಕೇಂದ್ರ ಜಿಎಸ್‌ಟಿ ಕಾಯ್ದೆಯ 31ನೇ ಕಲಂ, ಅದರ ಜೊತೆಗೆ ಜಿಎಸ್‌ಟಿ ನಿಯಮಗಳ 47ನೇ ನಿಯಮ. ಜಿಎಸ್‌ಟಿ ನೋಂದಣಿ ಇರುವವರು ಸೇವೆ ಒದಗಿಸಿದರೆ, ಸೇವೆ ಒದಗಿಸಿದ ದಿನದಿಂದ 30 ದಿನದೊಳಗೆ ತೆರಿಗೆ ಬಿಲ್ಲು, ಅಂದರೆ ಟ್ಯಾಕ್ಸ್ ಇನ್‌ವಾಯ್ಸ್ ಕೊಡಬೇಕು. ಬ್ಯಾಂಕು, ವಿಮಾ ಕಂಪನಿ, ಹಣಕಾಸು ಸಂಸ್ಥೆಗಳಿಗೆ 45 ದಿನ. ಕೆಲಸಕ್ಕೆ ಮುಂಚೆಯೇ ಬಿಲ್ ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಹಳೆಯ ಸೇವಾ ತೆರಿಗೆಯ ಕಾಲದಲ್ಲಿ ಈ ಗಡುವು 14 ದಿನ ಇತ್ತು. 2012ರ ಏಪ್ರಿಲ್ ಒಂದರಿಂದ ಅದನ್ನು 30ಕ್ಕೆ ಏರಿಸಿದರು. 2017ರ ಜುಲೈ ಒಂದರಂದು ಜಿಎಸ್‌ಟಿ ಬಂದಾಗ ಅದೇ ಮೂವತ್ತು ದಿನ ಮುಂದುವರಿಯಿತು.

ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸೇವೆ ಮಾಡಿ, ನೋಂದಣಿಯೇ ಮಾಡಿಸಿಕೊಳ್ಳದವರಿಗೆ ಈ ಗಡುವು ಅನ್ವಯಿಸುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ಮನೆಯಲ್ಲೇ ಮಗ್ಗ ಇಟ್ಟುಕೊಂಡು ಮಜೂರಿಗೆ ಸೀರೆ ನೇಯುವ ಎಷ್ಟೋ ಕುಟುಂಬಗಳು ಈ ಮಿತಿಯೊಳಗೇ ಇರುವವು. ಅವರು ಈ ಭಾಷಣದಿಂದ ಗಾಬರಿಯಾಗಬೇಕಾಗಿಲ್ಲ. ನನ್ನ ಮಾತು ನೋಂದಣಿ ಸಂಖ್ಯೆ ಪಡೆದು, ಬಿಲ್ಲಿನಲ್ಲಿ ತೆರಿಗೆ ಸೇರಿಸಿ, ತಿಂಗಳು ತಿಂಗಳೂ ರಿಟರ್ನ್ ಸಲ್ಲಿಸುವವರಿಗೆ.

ಈಗ ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕ ಹಾಕಿ ನೋಡೋಣ. ಒಬ್ಬ ಗುತ್ತಿಗೆದಾರ ದೊಡ್ಡಬಳ್ಳಾಪುರದ ಒಂದು ಬಟ್ಟೆ ಕಾರ್ಖಾನೆಯ ಏರ್ ಕಂಪ್ರೆಸರುಗಳನ್ನು ಬಿಚ್ಚಿ ದುರಸ್ತಿ ಮಾಡಿಕೊಡುತ್ತಾನೆ ಎಂದಿಟ್ಟುಕೊಳ್ಳಿ. ಬಿಡಿಭಾಗಗಳೆಲ್ಲ ಕಾರ್ಖಾನೆಯದೇ, ಇವನದು ಕೆಲಸ ಮಾತ್ರ. ಕೂಲಿ ನಾಲ್ಕು ಲಕ್ಷ ರೂಪಾಯಿ. ಶೇಕಡ 18ರ ದರದಲ್ಲಿ ಅದರ ಮೇಲಿನ ತೆರಿಗೆ 72,000. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಜೂನ್ 6ಕ್ಕೆ ಯಂತ್ರಗಳನ್ನು ಮತ್ತೆ ಜೋಡಿಸಿ ಮುಗಿಸಿದ. ಜೂನ್ 10ಕ್ಕೆ ಓಡಿಸಿ ನೋಡಿದರು, ಒತ್ತಡ ಸರಿಯಾಗಿ ನಿಂತಿತು, ಕಾರ್ಖಾನೆಯ ಎಂಜಿನಿಯರ್ ಸರ್ವಿಸ್ ರಿಪೋರ್ಟಿಗೆ ಸಹಿ ಹಾಕಿದರು.

ಇಲ್ಲಿ ಮೊದಲ ಪ್ರಶ್ನೆ: ಮೂವತ್ತು ದಿನವನ್ನು 6ರಿಂದ ಎಣಿಸಬೇಕೋ, 10ರಿಂದಲೋ? ಸೇವಾ ತೆರಿಗೆಯ ಕಾಲದಲ್ಲಿ ಇದೇ ಪ್ರಶ್ನೆ ಎದ್ದು, 2011ರ ಜುಲೈ 18ರಂದು ಕೇಂದ್ರ ಮಂಡಳಿ ಒಂದು ಸುತ್ತೋಲೆ ಹೊರಡಿಸಿತ್ತು. ಸೇವೆ ಮುಗಿಯುವುದೆಂದರೆ ಕೈಕೆಲಸ ಮುಗಿಯುವುದಷ್ಟೇ ಅಲ್ಲ. ಬಿಲ್ ಬರೆಯಲು ಅಗತ್ಯವಾದ ಅಳತೆ, ಗುಣಮಟ್ಟದ ಪರೀಕ್ಷೆ ಮುಂತಾದ ಪೂರಕ ಕೆಲಸಗಳೂ ಮುಗಿದಿರಬೇಕು ಎಂದು ಅದು ಹೇಳಿತು. ಆದರೆ ಅದೇ ಉಸಿರಿನಲ್ಲಿ, ಹುರುಳಿಲ್ಲದ ನೆಪಗಳನ್ನು ಈ ಪಟ್ಟಿಗೆ ಸೇರಿಸುವಂತಿಲ್ಲ ಎಂದೂ ಹೇಳಿತು. ಅದು ಹಳೆಯ ತೆರಿಗೆಯ ಸುತ್ತೋಲೆಯೇ ಸರಿ. ಆದರೂ ಆ ತರ್ಕ ಇಂದಿಗೂ ಸಮಂಜಸ ಎಂಬುದು ನನ್ನ ಅಭಿಪ್ರಾಯ. ಯಂತ್ರ ಓಡಿಸಿ ನೋಡುವುದು ಕೆಲಸದ ಭಾಗ. ಹಾಗಾಗಿ ನಮ್ಮ ಗುತ್ತಿಗೆದಾರನಿಗೆ ಜೂನ್ 10 ಎನ್ನುವುದು ಧೈರ್ಯವಾಗಿ ಹೇಳಬಹುದಾದ ದಿನ. ಆದರೆ "ಪಿಓ ಆಗಿಲ್ಲ", "ಮ್ಯಾನೇಜರ್ ರಜೆ ಮೇಲಿದ್ದಾರೆ" ಎನ್ನುವುದು ಪರೀಕ್ಷೆಯಲ್ಲ. ಅದು ಕಾರ್ಖಾನೆಯ ಒಳಗಿನ ವ್ಯವಹಾರ. ಅದಕ್ಕಾಗಿ ಕಾಯ್ದೆಯ ಗಡಿಯಾರ ನಿಲ್ಲುವುದಿಲ್ಲ.

ಹಾಗಾದರೆ ಜೂನ್ 10ರಿಂದ ಮೂವತ್ತು ದಿನ, ಅಂದರೆ ಜುಲೈ 10. ಅಷ್ಟರೊಳಗೆ ಬಿಲ್ ಆಗಬೇಕು.

ಈಗ ಎರಡು ದಾರಿ ನೋಡೋಣ. ಮೊದಲನೆಯದು, ಆತ ಜುಲೈ 8ಕ್ಕೆ ಬಿಲ್ ಕೊಟ್ಟ. ದುಡ್ಡು ಇನ್ನೂ ಬಂದಿಲ್ಲ. ಕಾಯ್ದೆಯ 13ನೇ ಕಲಂ ಪ್ರಕಾರ, ಬಿಲ್ ಗಡುವಿನೊಳಗೆ ಕೊಟ್ಟಿದ್ದರೆ ಬಿಲ್ಲಿನ ದಿನ ಅಥವಾ ದುಡ್ಡು ಬಂದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದೇ ತೆರಿಗೆ ಹುಟ್ಟುವ ದಿನ. ಇಲ್ಲಿ ಅದು ಜುಲೈ 8. ಜುಲೈ ತಿಂಗಳ ತೆರಿಗೆಯನ್ನು ಆಗಸ್ಟ್ 20ರೊಳಗೆ ಕಟ್ಟಿದರಾಯಿತು. ಕೆಲಸ ಮುಗಿದು ಎರಡು ತಿಂಗಳ ಮೇಲೆ ಹತ್ತು ದಿನದ ಅವಕಾಶ, ಅದೂ ಬಡ್ಡಿಯಿಲ್ಲದೆ. ಇದು ನಾನು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರ ಲೆಕ್ಕದಲ್ಲಿ ಹೇಳುತ್ತಿರುವುದು. ಮೂರು ತಿಂಗಳಿಗೊಮ್ಮೆ ಹಾಕುವವರಿಗೆ ಕ್ಯಾಲೆಂಡರ್ ಬೇರೆ. ಆದರೆ ತರ್ಕ ಅದೇ.

ಎರಡನೆಯ ದಾರಿ. ಅಕೌಂಟ್ಸ್‌ನವರು ಬೇಡ ಎಂದರು, ಆತ ಸುಮ್ಮನಾದ. ಆಗಸ್ಟ್ ಕೊನೆಗೆ ಪಿಓ ಬಂತು. ಸೆಪ್ಟೆಂಬರ್ 5ರ ದಿನಾಂಕ ಹಾಕಿ ಬಿಲ್ ಕೊಟ್ಟ. ಸೆಪ್ಟೆಂಬರಿನ ಬಿಲ್ಲು, ಸೆಪ್ಟೆಂಬರಿನ ರಿಟರ್ನಿನಲ್ಲಿ ತೋರಿಸಿದ, ಅಕ್ಟೋಬರ್ 20ರಂದು 72,000 ಕಟ್ಟಿದ. ಆತನ ದೃಷ್ಟಿಯಲ್ಲಿ ಎಲ್ಲ ಸರಿಯಾಗಿದೆ. ಒಂದು ದಿನವೂ ತಡವಾಗಿಲ್ಲ.

ಆದರೆ 13ನೇ ಕಲಮಿನ ಮುಂದಿನ ಸಾಲು ಓದಿ. ಬಿಲ್ ಗಡುವಿನೊಳಗೆ ಕೊಡದಿದ್ದರೆ, ಸೇವೆ ಒದಗಿಸಿದ ದಿನ ಅಥವಾ ದುಡ್ಡು ಬಂದ ದಿನ, ಯಾವುದು ಮೊದಲೋ ಅದು. ಬಿಲ್ಲಿನ ದಿನಕ್ಕೆ ಈಗ ಬೆಲೆಯೇ ಇಲ್ಲ. ತೆರಿಗೆ ಹುಟ್ಟಿದ ದಿನ ಹಿಂದಕ್ಕೆ ಜಾರಿ ಜೂನ್ 10ಕ್ಕೆ ಹೋಗಿ ನಿಲ್ಲುತ್ತದೆ. ಜೂನ್ ತಿಂಗಳ ತೆರಿಗೆ ಕಟ್ಟಬೇಕಾಗಿದ್ದುದು ಜುಲೈ 20ಕ್ಕೆ. ಕಟ್ಟಿದ್ದು ಅಕ್ಟೋಬರ್ 20ಕ್ಕೆ. ನಡುವೆ 92 ದಿನ. ವರ್ಷಕ್ಕೆ ಶೇಕಡ 18ರ ಬಡ್ಡಿಯಲ್ಲಿ 72,000ಕ್ಕೆ 92 ದಿನದ ಬಡ್ಡಿ 3,267 ರೂಪಾಯಿ.

ಗಮನಿಸಿ, ಗಡುವು ಮೀರಿದ್ದು ಜುಲೈ 10ಕ್ಕೆ. ಬಡ್ಡಿ ಆ ದಿನದಿಂದ ಎಣಿಕೆಯಾಗುವುದಿಲ್ಲ. ಮೂವತ್ತು ದಿನವೆಂಬುದು ನಮಗೆ ಕೊಟ್ಟ ರಿಯಾಯಿತಿ. ಅದನ್ನು ಮೀರಿದರೆ ಆ ರಿಯಾಯಿತಿಯನ್ನೇ ವಾಪಸ್ ತೆಗೆದುಕೊಂಡು, ನಿಮಗೆ ಮೂವತ್ತು ದಿನ ಕೊಟ್ಟೇ ಇರಲಿಲ್ಲ ಎಂಬಂತೆ ಕಾಯ್ದೆ ಲೆಕ್ಕ ಹಾಕುತ್ತದೆ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಎರಡು ತಿಂಗಳು ತಡವಾಗಿದೆ, ಎರಡು ತಿಂಗಳ ಬಡ್ಡಿ ತಾನೆ ಎನ್ನುತ್ತಾರೆ. ಹಾಗಲ್ಲ.

ಇನ್ನೊಂದು ಸೂಕ್ಷ್ಮವಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ದುಡ್ಡಿನ ವ್ಯತ್ಯಾಸ ಇರುವುದು ಇದರಲ್ಲೇ. ನಮ್ಮ ಗುತ್ತಿಗೆದಾರನಿಗೆ ತಾನು ಕೊಂಡ ಉಪಕರಣ, ಬಾಡಿಗೆ ಇತ್ಯಾದಿಗಳ ಮೇಲೆ ಕಟ್ಟಿದ ತೆರಿಗೆ 50,000 ರೂಪಾಯಿ ಕ್ರೆಡಿಟ್ ಲೆಡ್ಜರಿನಲ್ಲಿ ಜಮೆ ಇದೆ ಎನ್ನೋಣ. 72,000ದಲ್ಲಿ ಅದನ್ನು ಕಳೆದು, ಕೈಯಿಂದ ಕಟ್ಟಿದ್ದು 22,000 ಮಾತ್ರ. ಬಡ್ಡಿ 22,000ಕ್ಕೆ ತಾನೆ? ರಿಟರ್ನ್ ತಡವಾಗಿ ಸಲ್ಲಿಸಿದವರಿಗೆ ಹೌದು, ಆ ಅನುಕೂಲ ಇದೆ. 50ನೇ ಕಲಮಿನ ಪರಂತುಕ ಹೇಳುವುದು ಇಷ್ಟು: ಒಂದು ತಿಂಗಳ ವಹಿವಾಟನ್ನು ಅದೇ ತಿಂಗಳ ರಿಟರ್ನಿನಲ್ಲಿ ತೋರಿಸಿ, ಆ ರಿಟರ್ನನ್ನು ತಡವಾಗಿ ಹಾಕಿದರೆ, ನಗದಿನಲ್ಲಿ ಕಟ್ಟಿದ ಭಾಗಕ್ಕೆ ಮಾತ್ರ ಬಡ್ಡಿ. ನಮ್ಮವನು ಹಾಕಿದ ಜೂನ್ ರಿಟರ್ನ್ ತಡವಾಗಲಿಲ್ಲ. ಅದರಲ್ಲಿ ಈ ಕೆಲಸವನ್ನೇ ತೋರಿಸಲಿಲ್ಲ. ಜೂನಿನ ವಹಿವಾಟು ಸೆಪ್ಟೆಂಬರಿನ ರಿಟರ್ನಿಗೆ ಬಂದು ಕೂತಿದೆ. ಅಂಥವರಿಗೆ 88ಬಿ ನಿಯಮದ ಎರಡನೆಯ ಭಾಗ ಅನ್ವಯಿಸುತ್ತದೆ, ಬಡ್ಡಿ ಇಡೀ ತೆರಿಗೆಯ ಮೇಲೆ. 22,000ಕ್ಕಾಗಿದ್ದರೆ 998 ರೂಪಾಯಿ ಆಗುತ್ತಿತ್ತು. ಈಗ 3,267. ಸೋಮಾರಿತನದಿಂದ ರಿಟರ್ನನ್ನೇ ತಡಮಾಡಿದವನಿಗಿಂತ, ಗಿರಾಕಿಯ ಮಾತು ಕೇಳಿ ಬಿಲ್ ತಡಮಾಡಿದವನಿಗೆ ಹೆಚ್ಚು ಬಡ್ಡಿ. ಇದು ನ್ಯಾಯವೇ ಎಂದು ಕೇಳಿದರೆ, ನನಗೆ ಹಾಗನ್ನಿಸುವುದಿಲ್ಲ. ಕ್ರೆಡಿಟ್ ಸರ್ಕಾರದ ಬಳಿಯೇ ಜಮೆ ಇದ್ದಾಗ ಅದರ ಮೇಲೂ ಬಡ್ಡಿ ಕೇಳುವುದು ಸಣ್ಣ ಗುತ್ತಿಗೆದಾರರಿಗೆ ಭಾರ. ಆದರೆ ನಿಯಮದ ಅಕ್ಷರ ಹಾಗಿದೆ.

ಒಂದು ಕೆಲಸಕ್ಕೆ ಮೂರು ಸಾವಿರ ಎಂದರೆ ದೊಡ್ಡದೇನಲ್ಲ ಎನ್ನಿಸಬಹುದು. ಆದರೆ ಈ ಅಭ್ಯಾಸ ಒಂದು ಕೆಲಸಕ್ಕೆ ನಿಲ್ಲುವುದಿಲ್ಲ. ಒಂದೇ ಕಾರ್ಖಾನೆಗೆ ವರ್ಷವಿಡೀ ಹೀಗೇ ಬಿಲ್ ಹಾಕುವವರು, ನಾಲ್ಕು ವರ್ಷದ ನಂತರ ಲೆಕ್ಕಪರಿಶೋಧನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಎದುರಿಸುತ್ತಾರೆ. ಆಗ ಅದು ಲಕ್ಷದ ಮಾತಾಗುತ್ತದೆ.

ಅಧಿಕಾರಿಗಳಿಗೆ ಇದು ಹೇಗೆ ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ಪೋರ್ಟಲ್‌ಗೆ ಕಾಣುವುದು ಬಿಲ್ಲಿನ ದಿನಾಂಕ, ಸೆಪ್ಟೆಂಬರ್ 5, ಅಷ್ಟೇ. ಜೂನ್ 10 ಎಂಬುದು ಅಲ್ಲೆಲ್ಲೂ ಇಲ್ಲ. ಅದಕ್ಕೇ ರಿಟರ್ನ್ ಹಾಕುವಾಗ ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಅದಕ್ಕೇ ಜನ ನಿಶ್ಚಿಂತೆಯಾಗಿರುತ್ತಾರೆ. ಆದರೆ ಜೂನ್ 10 ಬೇರೆ ಕಡೆಗಳಲ್ಲಿ ಬರೆದಿರುತ್ತದೆ. ಕಾರ್ಖಾನೆಯ ಸರ್ವಿಸ್ ರಿಪೋರ್ಟಿನಲ್ಲಿ, ಗೇಟಿನ ರಿಜಿಸ್ಟರಿನಲ್ಲಿ, ಕೆಲಸಗಾರರ ಗೇಟ್ ಪಾಸಿನಲ್ಲಿ. ಅದಕ್ಕಿಂತ ಗಟ್ಟಿಯಾದ ಕುರುಹು ಆದಾಯ ತೆರಿಗೆಯ ಕಡೆ ಸಿಗುತ್ತದೆ. ಮಾರ್ಚ್ ಕೊನೆಗೆ ಕಾರ್ಖಾನೆ ಲೆಕ್ಕ ಮುಗಿಸುವಾಗ, ಬಿಲ್ ಬರದಿದ್ದರೂ ಆಗಿಹೋದ ಕೆಲಸದ ಖರ್ಚನ್ನು ಬರೆದುಕೊಂಡು ಗುತ್ತಿಗೆದಾರನ ಪ್ಯಾನ್ ಮೇಲೆ ಟಿಡಿಎಸ್ ಕಟ್ಟಿರುತ್ತದೆ. ಅದು ಗುತ್ತಿಗೆದಾರನ 26ಎಎಸ್‌ನಲ್ಲಿ ಆ ವರ್ಷದ ಲೆಕ್ಕಕ್ಕೆ ಬರುತ್ತದೆ. ಜಿಎಸ್‌ಟಿಯಲ್ಲಿ ಅದೇ ವಹಿವಾಟು ಮುಂದಿನ ವರ್ಷಕ್ಕೆ ಹೋಗಿದ್ದರೆ ಎರಡೂ ತಾಳೆಯಾಗುವುದಿಲ್ಲ. ವಹಿವಾಟಿನಲ್ಲಿ ಇಷ್ಟು ವ್ಯತ್ಯಾಸ ಏಕೆ ಎಂಬ ನೋಟಿಸು ಅಲ್ಲಿಂದ ಹೊರಡುತ್ತದೆ.

ಇನ್ನು ಮುಂಗಡದ ವಿಷಯ. ಸೇವೆಗೆ ಮುಂಗಡ ತೆಗೆದುಕೊಂಡರೆ, ತೆಗೆದುಕೊಂಡಷ್ಟಕ್ಕೆ ಆ ತಿಂಗಳೇ ತೆರಿಗೆ. ಸಾಮಾನು ಮಾರುವವರಿಗೆ 2017ರ ನವೆಂಬರಿನಲ್ಲಿ ಈ ಹೊರೆಯನ್ನು ತೆಗೆದರು. ಸೇವೆ ಮಾಡುವವರಿಗೆ ತೆಗೆಯಲಿಲ್ಲ. ನಮ್ಮ ಗುತ್ತಿಗೆದಾರ ಮೇ 25ಕ್ಕೆ ಒಂದು ಲಕ್ಷ ಮುಂಗಡ ಪಡೆದಿದ್ದರೆ, ಅದರಲ್ಲಿ ಸೇರಿರುವ ತೆರಿಗೆ 15,254 ರೂಪಾಯಿಯನ್ನು ಮೇ ತಿಂಗಳ ಲೆಕ್ಕದಲ್ಲಿ ಕಟ್ಟಿ, ಗಿರಾಕಿಗೆ ಒಂದು ರಸೀತಿ ಕೊಡಬೇಕು. ಆಮೇಲೆ ಬಿಲ್ ಮಾಡುವಾಗ ಅದನ್ನು ಕಳೆದುಕೊಳ್ಳುತ್ತಾನೆ. ಬಿಲ್ ಬೇಗ ಕೊಟ್ಟೆನೋ ತಡವಾಗಿ ಕೊಟ್ಟೆನೋ ಎಂಬುದು ಈ ಭಾಗಕ್ಕೆ ಸಂಬಂಧಪಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಒಂದು ಸಲ ಮಾಡಿ ಮುಗಿಸುವ ಕೆಲಸದ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಸೇವೆ ಹೆದ್ದಾರಿಗಳ ಪಕ್ಕದಲ್ಲೆಲ್ಲ ಹಬ್ಬಿದೆ: ಗೋಡೌನ್ ಬಾಡಿಗೆ. ಹೊಸಕೋಟೆಯ ಸುತ್ತ, ನೆಲಮಂಗಲದಿಂದ ತುಮಕೂರು ರಸ್ತೆಯುದ್ದಕ್ಕೂ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಶೆಡ್ಡುಗಳು ಎದ್ದಿವೆ. ಜಮೀನಿನ ಮಾಲೀಕರೇ ಕಟ್ಟಿಸಿ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟವು ಎಷ್ಟೋ. ಈ ಮಾಲೀಕರಲ್ಲಿ ಅನೇಕರಿಗೆ ಬಿಲ್ ಬರೆಯುವ ಅಭ್ಯಾಸ ಹೊಸದು. ಬಾಡಿಗೆ ಬ್ಯಾಂಕಿಗೆ ಬಿದ್ದ ಮೇಲೆ ಬಿಲ್ ಬರೆದರಾಯಿತು ಎಂದುಕೊಳ್ಳುತ್ತಾರೆ. ಮೂವತ್ತು ದಿನದ ಮಾತು ಕಿವಿಗೆ ಬಿದ್ದವರು, ಹೇಗೂ ಒಂದು ತಿಂಗಳಿದೆಯಲ್ಲ ಎನ್ನುತ್ತಾರೆ.

ಅವರಿಗೆ ಆ ಮೂವತ್ತು ದಿನ ಅನ್ವಯಿಸುವುದಿಲ್ಲ. ಮೂರು ತಿಂಗಳಿಗಿಂತ ಹೆಚ್ಚಿನ ಕರಾರಿನ ಮೇಲೆ, ಕಂತುಕಂತಾಗಿ ಹಣ ಬರುವಂತೆ ನಡೆಯುವ ಸೇವೆಗೆ ಕಾಯ್ದೆ ನಿರಂತರ ಸೇವೆ ಎಂದು ಬೇರೆ ಗುಂಪು ಮಾಡಿದೆ. ಬಾಡಿಗೆ, ವಾರ್ಷಿಕ ನಿರ್ವಹಣೆಯ ಕರಾರು, ಕಾರ್ಖಾನೆಗೆ ತಿಂಗಳ ಲೆಕ್ಕದಲ್ಲಿ ಕೆಲಸಗಾರರನ್ನು ಒದಗಿಸುವುದು, ಹೌಸ್‌ಕೀಪಿಂಗ್, ಇವೆಲ್ಲ ಇದರಲ್ಲಿ ಬರುತ್ತವೆ. ಕರಾರಿನಲ್ಲಿ ಹಣ ಕೊಡಬೇಕಾದ ದಿನ ಗೊತ್ತುಮಾಡಿದ್ದರೆ, ಬಿಲ್ಲು ಆ ದಿನವೋ ಅದಕ್ಕೆ ಮೊದಲೋ ಆಗಬೇಕು. ದಿನ ಗೊತ್ತಿಲ್ಲದಿದ್ದರೆ ಹಣ ಬರುವ ಹೊತ್ತಿಗೆ. ಒಂದು ಹಂತ ಮುಗಿದಾಗ ಹಣ ಎಂದಿದ್ದರೆ ಆ ಹಂತ ಮುಗಿಯುವ ದಿನಕ್ಕೆ. ಕರಾರುಪತ್ರದ ಒಂದು ಸಾಲಿನ ಮೇಲೆ ಇಡೀ ಲೆಕ್ಕ ನಿಂತಿದೆ. ಆ ಪತ್ರವನ್ನು ಕಬೋರ್ಡಿನಿಂದ ತೆಗೆದು ಆ ಸಾಲನ್ನೊಮ್ಮೆ ಓದಿ ಎಂದು ಗೋಡೌನ್ ಮಾಲೀಕರನ್ನು ಕೇಳಿಕೊಳ್ಳುತ್ತೇನೆ.

ಇದಕ್ಕೂ ಒಂದು ಕಲ್ಪಿತ ಉದಾಹರಣೆ ನೋಡೋಣ. ತಿಂಗಳಿಗೆ ಎರಡು ಲಕ್ಷದ ಬಾಡಿಗೆ, ತೆರಿಗೆ 36,000. ಒಂದು ತಿಂಗಳ ಬಾಡಿಗೆಯನ್ನು ಮುಂದಿನ ತಿಂಗಳ 5ರೊಳಗೆ ಕೊಡಬೇಕು ಎಂದು ಕರಾರು. ಬಾಡಿಗೆದಾರ ಏಪ್ರಿಲ್, ಮೇ, ಜೂನ್ ಮೂರು ತಿಂಗಳು ಕೊಡಲಿಲ್ಲ. ದುಡ್ಡೇ ಇಲ್ಲದೆ ಬಿಲ್ ಏಕೆ ಎಂದು ಮಾಲೀಕರು ಸುಮ್ಮನಿದ್ದರು. ಆಗಸ್ಟಿನಲ್ಲಿ ಮೂರೂ ತಿಂಗಳದು ಒಟ್ಟಿಗೆ ಬಂತು. ಒಂದೇ ಬಿಲ್ ಬರೆದು, ಸೆಪ್ಟೆಂಬರ್ 20ಕ್ಕೆ ತೆರಿಗೆ ಕಟ್ಟಿದರು. ಪ್ರತಿ ತಿಂಗಳ ಬಿಲ್ಲೂ ಗಡುವು ಮೀರಿರುವುದರಿಂದ, ತೆರಿಗೆ ಆಯಾ ತಿಂಗಳಿಗೇ ಹಿಂದೆ ಸರಿಯುತ್ತದೆ. ಏಪ್ರಿಲಿನದು ಮೇ 20ಕ್ಕೆ, ಮೇ ತಿಂಗಳದು ಜೂನ್ 20ಕ್ಕೆ, ಜೂನಿನದು ಜುಲೈ 20ಕ್ಕೆ ಕಟ್ಟಬೇಕಿತ್ತು. ತಡವಾದದ್ದು ಕ್ರಮವಾಗಿ 123, 92, 62 ದಿನ. ಮೂರೂ ಸೇರಿ ಬಡ್ಡಿ 4,918 ರೂಪಾಯಿ.

ಕೈಗೆ ಬಾರದ ಬಾಡಿಗೆಗೆ ಕೈಯಿಂದ ತೆರಿಗೆ ಕಟ್ಟುವುದು ಯಾರಿಗಾದರೂ ಕಷ್ಟವೇ. ಆದರೆ ಜಿಎಸ್‌ಟಿ ಎಂಬುದು ಹಣ ಬಂದಾಗ ಕಟ್ಟುವ ತೆರಿಗೆಯಲ್ಲ. ಬಾಡಿಗೆದಾರ ಕೊನೆಗೂ ಕೊಡದೆ ಓಡಿಹೋದರೆ, ಆ ಕಾರಣಕ್ಕೆ ಕಟ್ಟಿದ ತೆರಿಗೆ ವಾಪಸ್ ಬರುವುದೂ ಇಲ್ಲ. ಇಷ್ಟಾದರೂ ಬಿಲ್ ತಡೆಹಿಡಿಯುವುದು ಮಾಲೀಕರಿಗೆ ನಷ್ಟದ ದಾರಿಯೇ ಎನ್ನುತ್ತೇನೆ. ಕಾರಣ ಇದು. ಬಾಡಿಗೆದಾರ ಕಂಪನಿಯವರು ನಿಮ್ಮ ಬಿಲ್ಲಿನ ತೆರಿಗೆಯನ್ನು ತಮ್ಮ ಕ್ರೆಡಿಟ್ಟಾಗಿ ಪಡೆಯುತ್ತಾರೆ. ಬಿಲ್ಲಿನ ದಿನದಿಂದ 180 ದಿನದೊಳಗೆ ಅವರು ನಿಮಗೆ ಹಣ ಕೊಡದಿದ್ದರೆ, ಆ ಕ್ರೆಡಿಟ್ಟನ್ನು ಬಡ್ಡಿಯ ಸಮೇತ ಹಿಂದಿರುಗಿಸಬೇಕು. ಅವರ ಆಡಿಟರ್ ಅದನ್ನು ಕೇಳಿಯೇ ಕೇಳುತ್ತಾರೆ. ಆದರೆ ಆ 180 ದಿನ ಶುರುವಾಗಬೇಕಾದರೆ ಬಿಲ್ಲು ಇರಬೇಕಲ್ಲ! ಬಿಲ್ಲನ್ನೇ ಕೊಡದ ಮಾಲೀಕರು ಬಾಡಿಗೆದಾರನ ಮೇಲಿದ್ದ ಆ ಒತ್ತಡವನ್ನು ತಾವೇ ಬಿಟ್ಟುಕೊಟ್ಟಂತಾಯಿತು.

ಕಂಪ್ರೆಸರ್ ಗುತ್ತಿಗೆದಾರನಿಗೂ ಇದೇ ಮಾತು. ಆತ ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆದಾರನಾದರೆ, ಕಾರ್ಖಾನೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆ ದಿನಗಳ ಎಣಿಕೆ ಸೇವೆ ಒಪ್ಪಿಕೊಂಡ ದಿನದಿಂದ, ಬಿಲ್ಲಿನಿಂದಲ್ಲ. ಹಾಗಾಗಿ ತಡವಾದ ಬಿಲ್ಲು ಕಾನೂನಿನಲ್ಲಿ ಕಾರ್ಖಾನೆಗೆ ಹೆಚ್ಚಿನ ದಿನ ಕೊಡುವುದಿಲ್ಲ. ಆದರೆ ಸೆಪ್ಟೆಂಬರ್ ದಿನಾಂಕದ ಬಿಲ್ಲನ್ನು ಮುಂದಿಟ್ಟುಕೊಂಡು, ಜೂನಿನಲ್ಲೇ ಕೆಲಸ ಮುಗಿದಿತ್ತು ಎಂದು ಸಾಧಿಸುವ ಭಾರ ಗುತ್ತಿಗೆದಾರನ ತಲೆಯ ಮೇಲೆ ಬೀಳುತ್ತದೆ.

ದಂಡದ ಬಗ್ಗೆಯೂ ಹೇಳಬೇಕು, ಏಕೆಂದರೆ ಹೆದರಿಕೆ ಹೆಚ್ಚಾಗಿ ಅದರದು. ಬಿಲ್ಲನ್ನೇ ಕೊಡದೆ ಸೇವೆ ಮಾಡಿದರೆ, ಅಥವಾ ತಪ್ಪು, ಸುಳ್ಳು ಬಿಲ್ ಕೊಟ್ಟರೆ 122ನೇ ಕಲಮಿನ ಪ್ರಕಾರ ಹತ್ತು ಸಾವಿರ ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅದು. ಕೇಂದ್ರದ ಕಾಯ್ದೆಯಲ್ಲಿ ಒಮ್ಮೆ, ಕರ್ನಾಟಕದ ಕಾಯ್ದೆಯಲ್ಲಿ ಇನ್ನೊಮ್ಮೆ. ತಡವಾಗಿಯಾದರೂ ನಿಜವಾದ ಬಿಲ್ ಕೊಟ್ಟು ತೆರಿಗೆ ಕಟ್ಟಿದವರು ಈ ಗುಂಪಿಗೆ ಸೇರಿದವರಲ್ಲ ಎಂದು ವಾದಿಸಲು ಒಳ್ಳೆಯ ನೆಲೆಯಿದೆ. ಬೇರೆ ದಂಡ ಹೇಳಿರದ ತಪ್ಪುಗಳಿಗೆ 125ನೇ ಕಲಂನಲ್ಲಿ 25,000ದವರೆಗೆ ಸಾಮಾನ್ಯ ದಂಡವಿದೆ; ಐದು ಸಾವಿರಕ್ಕಿಂತ ಕಡಿಮೆ ತೆರಿಗೆಯ ಸಣ್ಣ ಲೋಪಗಳಿಗೆ ದಂಡ ಹಾಕಬಾರದು ಎಂದು 126ನೇ ಕಲಂ ಅಧಿಕಾರಿಗೇ ಹೇಳುತ್ತದೆ. ನೋಟಿಸು ಬರುವ ಮೊದಲೇ ತೆರಿಗೆಯನ್ನೂ ಬಡ್ಡಿಯನ್ನೂ ತಾವಾಗಿ ಕಟ್ಟಿದವರಿಗೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡಿಕೊಂಡು ಸರ್ಕಾರಕ್ಕೆ ಕಟ್ಟದೆ ಇಟ್ಟುಕೊಂಡವರ ಕಥೆ ಬೇರೆ. ಅವರಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಸುಳ್ಳು ಬಿಲ್ಲು ಎಂದೆ. ಗಡುವು ಮೀರಿದ ಮೇಲೆ ಬಹಳ ಜನಕ್ಕೆ ಹೊಳೆಯುವ ಉಪಾಯ, ಬಿಲ್ಲಿಗೆ ಹಳೆಯ ದಿನಾಂಕ ಹಾಕಿಬಿಡುವುದು. ಸೆಪ್ಟೆಂಬರಿನಲ್ಲಿ ಕುಳಿತು ಜುಲೈ 8 ಎಂದು ಬರೆಯುವುದು. ಇದನ್ನು ದಯವಿಟ್ಟು ಮಾಡಬೇಡಿ. ಬಿಲ್ಲಿನ ಸಂಖ್ಯೆಗಳು ಒಂದರ ಹಿಂದೊಂದು ಬರಬೇಕು. ಜುಲೈನ ಸಂಖ್ಯೆಗಳು ಮುಗಿದು, ಅವುಗಳ ಪಟ್ಟಿ ಆಗಸ್ಟ್ 11ಕ್ಕೇ ಜಿಎಸ್‌ಟಿಆರ್-1ರಲ್ಲಿ ಹೋಗಿರುತ್ತದೆ. ಸೆಪ್ಟೆಂಬರಿನ ಸಂಖ್ಯೆಯ ಬಿಲ್ಲಿಗೆ ಜುಲೈನ ದಿನಾಂಕವಿದ್ದರೆ ನೋಡಿದವರಿಗೆ ತಕ್ಷಣ ಕಾಣುತ್ತದೆ. ಬಡ್ಡಿಯಲ್ಲಿ ಮುಗಿಯಬೇಕಾಗಿದ್ದ ವಿಷಯವನ್ನು ನಾವೇ ಕೈಯಾರೆ ಸುಳ್ಳು ಬಿಲ್ಲಿನ ಕಲಮಿಗೆ ತಳ್ಳಿದಂತೆ.

ಮತ್ತೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ವರ್ಷಕ್ಕೆ ಐದು ಕೋಟಿಗಿಂತ ಹೆಚ್ಚಿನ ವಹಿವಾಟಿನವರು ಇ-ಇನ್‌ವಾಯ್ಸ್ ಮಾಡಬೇಕು. ಹತ್ತು ಕೋಟಿ ಮುಟ್ಟಿದವರು, ಬಿಲ್ಲಿನ ದಿನದಿಂದ 30 ದಿನದೊಳಗೆ ಅದನ್ನು ಸರ್ಕಾರದ ಪೋರ್ಟಲ್‌ಗೆ ಹಾಕಿ ನೋಂದಣಿ ಸಂಖ್ಯೆ ಪಡೆಯಬೇಕು ಎಂಬ ನಿಯಮ 2025ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ. ಆ ಮೂವತ್ತು ದಿನ ಬೇರೆ, ಇದು ಬೇರೆ. ಒಂದು ಕೆಲಸ ಮುಗಿದ ದಿನದಿಂದ ಬಿಲ್ ಬರೆಯುವವರೆಗೆ. ಇನ್ನೊಂದು ಬಿಲ್ ಬರೆದ ದಿನದಿಂದ ಪೋರ್ಟಲ್‌ಗೆ ಹಾಕುವವರೆಗೆ. ಎರಡನ್ನೂ ಕೂಡಿಸಿ ಅರವತ್ತು ದಿನ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಕೌಂಟ್ಸ್‌ನವರು ಬಿಲ್ ಬೇಡ ಎಂದಾಗ ಏನು ಮಾಡುವುದು? ಜಗಳ ಬೇಕಾಗಿಲ್ಲ. ಗಡುವಿನೊಳಗೆ ಬಿಲ್ ಬರೆದು ಮೇಲ್‌ನಲ್ಲಿ ಕಳಿಸಿ, ಅದನ್ನು ಆ ತಿಂಗಳ ಜಿಎಸ್‌ಟಿಆರ್-1ರಲ್ಲಿ ತೋರಿಸಿದರೆ ಸಾಕು. ಅವರು ತಮ್ಮ ಪುಸ್ತಕಕ್ಕೆ ಯಾವಾಗ ತೆಗೆದುಕೊಳ್ಳುತ್ತಾರೋ ಅದು ಅವರಿಷ್ಟ. ತೆರಿಗೆ ಸ್ವಲ್ಪ ಮುಂದೆ ಹೋಗಲಿ ಎನ್ನುವುದಾದರೆ, ಆ ಮೂವತ್ತು ದಿನದೊಳಗೇ ಅದಕ್ಕೆ ಜಾಗವಿದೆ. ಜೂನ್ 10ಕ್ಕೆ ಕೆಲಸ ಮುಗಿದಿದ್ದು, ದುಡ್ಡು ಇನ್ನೂ ಬಂದಿಲ್ಲದಿದ್ದರೆ, ಜೂನ್ 30ರ ಬಿಲ್ಲಿಗೆ ಜುಲೈ 20ಕ್ಕೆ ತೆರಿಗೆ, ಜುಲೈ 1ರ ಬಿಲ್ಲಿಗೆ ಆಗಸ್ಟ್ 20ಕ್ಕೆ. ಒಂದು ದಿನದ ವ್ಯತ್ಯಾಸದಲ್ಲಿ ಒಂದು ತಿಂಗಳು ಸಿಗುತ್ತದೆ, ಅದು ಪೂರ್ತಿ ಕಾನೂನುಬದ್ಧ.

ಈಗಾಗಲೇ ತಡವಾಗಿಹೋಗಿದ್ದರೆ, ಇವತ್ತಿನ ದಿನಾಂಕದಲ್ಲೇ ಬಿಲ್ ಬರೆಯಿರಿ. ಒಳಗೆ ಒಂದು ಸಾಲು, ಕೆಲಸ ಮುಗಿದದ್ದು ಇಂಥ ದಿನ ಎಂದು ಸೇರಿಸಿ. ಈ ತಿಂಗಳ ಜಿಎಸ್‌ಟಿಆರ್-1ರಲ್ಲಿ ಅದನ್ನು ತೋರಿಸಿ. ಜಿಎಸ್‌ಟಿಆರ್-3ಬಿಯಲ್ಲಿ ತೆರಿಗೆ ಕಟ್ಟುವಾಗ, ಹಿಂದಿನ ತಿಂಗಳ ತೆರಿಗೆ ಇಷ್ಟು ಎಂದು ವಿಂಗಡಿಸಲು ಜಾಗವಿದೆ. ಬಡ್ಡಿ ಬರೆಯಲು 5.1 ಎಂಬ ಕೋಷ್ಟಕವಿದೆ. ಮೊದಲೇ ಹೇಳಿದಂತೆ ಕೆಲಸ ಮುಗಿದ ದಿನ ಪೋರ್ಟಲ್‌ಗೆ ಗೊತ್ತಿಲ್ಲ, ಹಾಗಾಗಿ ಅಲ್ಲಿ ತಾನಾಗಿ ತುಂಬಿರುವ ಅಂಕಿಯನ್ನು ನಂಬದೆ ನೀವೇ ಲೆಕ್ಕ ಹಾಕಿ ತುಂಬಬೇಕು. ಬಡ್ಡಿಯನ್ನು ನಗದು ಲೆಡ್ಜರಿನಿಂದಲೇ ಕಟ್ಟಬೇಕು, ಕ್ರೆಡಿಟ್ಟಿನಿಂದ ಆಗುವುದಿಲ್ಲ. ಅಷ್ಟಕ್ಕೆ ಚಲನ್ ಮೊದಲೇ ಕಟ್ಟಿಟ್ಟುಕೊಳ್ಳಿ. ರಿಟರ್ನ್ ಹಾಕಿಯಾದ ಮೇಲೆ ನೆನಪಾದರೆ ಡಿಆರ್‌ಸಿ-03 ಎಂಬ ನಮೂನೆಯಲ್ಲಿ ಬೇರೆಯಾಗಿಯೂ ಕಟ್ಟಬಹುದು. ಎಂಜಿನಿಯರ್ ಸಹಿ ಮಾಡಿದ, ದಿನಾಂಕ ಇರುವ ಆ ಸರ್ವಿಸ್ ರಿಪೋರ್ಟನ್ನು ಬಿಲ್ಲಿನ ಪ್ರತಿಯ ಜೊತೆಗೇ ಪಿನ್ ಮಾಡಿಡಿ. ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ ಆರು ವರ್ಷ ಲೆಕ್ಕದ ಕಾಗದಗಳನ್ನು ಉಳಿಸಿಕೊಳ್ಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಕಾಗದಗಳಲ್ಲಿ ಇದೂ ಒಂದು.